ಐವತ್ತರಲ್ಲಿ 7743, ಅನಂತದಲ್ಲಿ ಒಂದೂವರೆ

ಕೇಳುಗರಿಗೆ ನಮಸ್ಕಾರ. ರೇಡಿಯೋದಲ್ಲಿ ಗಣಿತ ಹೇಳುವುದು ಕತ್ತಲಲ್ಲಿ ದಾರಿ ತೋರಿಸಿದ ಹಾಗೆ. ಬೋರ್ಡಿಲ್ಲ, ಸೀಮೆಸುಣ್ಣವಿಲ್ಲ. ಅದಕ್ಕೇ ಒಂದು ಹಾಳೆ, ಪೆನ್ಸಿಲ್ಲು ಪಕ್ಕದಲ್ಲಿ ಇಟ್ಟುಕೊಳ್ಳಿ. ನಾನು "ಮೇಲೆ" ಅಂದರೆ ಅಂಶ, "ಕೆಳಗೆ" ಅಂದರೆ ಛೇದ. ಅಷ್ಟು ಒಪ್ಪಂದ ಸಾಕು.

ಮೊದಲು ಒಂದು ಮದುವೆ ಕಾರ್ಡಿನ ಲೆಕ್ಕ. ಪ್ರೆಸ್ಸಿನವರು ಡಿಸೈನಿಗೆ ಒಂದೇ ಸಲ 2000 ರೂಪಾಯಿ, ಆಮೇಲೆ ಕಾರ್ಡಿಗೆ 8 ರೂಪಾಯಿ ಅಂತ ಹೇಳಿದರು ಅಂದುಕೊಳ್ಳಿ. 100 ಕಾರ್ಡು ಹಾಕಿಸಿದರೆ ಒಟ್ಟು 2800. ಒಂದೊಂದು ಕಾರ್ಡಿಗೆ 28 ರೂಪಾಯಿ ಬಿತ್ತು. 1000 ಹಾಕಿಸಿದರೆ ಒಂದಕ್ಕೆ 10 ರೂಪಾಯಿ. 10,000 ಹಾಕಿಸಿದರೆ 8 ರೂಪಾಯಿ 20 ಪೈಸೆ. ಅಷ್ಟು ಜನರನ್ನು ಯಾರು ಕರೆಯುತ್ತಾರೆ ಅನ್ನಬೇಡಿ, ಲೆಕ್ಕ ನೋಡಿ. ಎಷ್ಟೇ ಹಾಕಿಸಿದರೂ ಬೆಲೆ ಸರಿಯಾಗಿ 8ಕ್ಕೆ ಇಳಿಯುವುದಿಲ್ಲ. ಆದರೆ 8ಕ್ಕೆ ಎಷ್ಟು ಹತ್ತಿರ ಬೇಕೋ ಅಷ್ಟು ಹತ್ತಿರ ತರಬಹುದು. ಇದನ್ನೇ ಮಿತಿ ಅನ್ನುವುದು. ಮೇಲೆ 8 ಎನ್ ಪ್ಲಸ್ 2000, ಕೆಳಗೆ ಎನ್. ಎನ್ ಅನಂತಕ್ಕೆ ಹೋದಾಗ ಮಿತಿ 8. ಪಾಪ, ಆ 2000 ಆಟಕ್ಕುಂಟು, ಲೆಕ್ಕಕ್ಕಿಲ್ಲ.

ಪಿಯುಸಿ ಮಕ್ಕಳಿಗೆ ಇದರ ಸೂತ್ರ ಬಾಯಿಪಾಠ ಇರುತ್ತದೆ. ಮೇಲಿನ ದೊಡ್ಡ ಘಾತ ನೋಡು, ಕೆಳಗಿನ ದೊಡ್ಡ ಘಾತ ನೋಡು. ಎರಡೂ ಒಂದೇ ಆಗಿದ್ದರೆ ಅವುಗಳ ಗುಣಾಂಕಗಳನ್ನು ಭಾಗಿಸು, ಮುಗೀತು. ಸೂತ್ರ ಸರಿಯೇ. ಆದರೆ ಒಂದು ಸಲ ನನ್ನ ಕ್ಲಾಸಿನಲ್ಲಿ ಒಬ್ಬ ಹುಡುಗ ಎದ್ದು ನಿಂತು, "ಸಾರ್, ಇದು ಸುಳ್ಳು" ಅಂದುಬಿಟ್ಟ. ಬೋರ್ಡಿನ ಮೇಲಿದ್ದ ಲೆಕ್ಕ ಇದು, ಬರೆದುಕೊಳ್ಳಿ. ಮೇಲೆ 3 ಎಕ್ಸ್ ಸ್ಕ್ವೇರ್ ಪ್ಲಸ್ 5 ಎಕ್ಸ್ ಮೈನಸ್ 7. ಕೆಳಗೆ 2 ಎಕ್ಸ್ ಸ್ಕ್ವೇರ್ ಮೈನಸ್ 100 ಎಕ್ಸ್ ಪ್ಲಸ್ 1. ಇನ್ನೊಂದು ಸಲ ಹೇಳುತ್ತೇನೆ. ಮೇಲೆ 3 ಎಕ್ಸ್ ಸ್ಕ್ವೇರ್, ಪ್ಲಸ್ 5 ಎಕ್ಸ್, ಮೈನಸ್ 7. ಕೆಳಗೆ 2 ಎಕ್ಸ್ ಸ್ಕ್ವೇರ್, ಮೈನಸ್ 100 ಎಕ್ಸ್, ಪ್ಲಸ್ 1.

ಸೂತ್ರದ ಪ್ರಕಾರ ಉತ್ತರ ಎರಡನೇ ಮೂರು, ಅಂದರೆ ಒಂದೂವರೆ. ಹುಡುಗ ಕ್ಯಾಲ್ಕುಲೇಟರ್ ಹಿಡಿದು ಎಕ್ಸ್ ಜಾಗದಲ್ಲಿ 50 ಹಾಕಿದ್ದ. ಮೇಲೆ 7500, ಅದಕ್ಕೆ 250 ಸೇರಿಸಿ 7 ಕಳೆದರೆ 7743. ಕೆಳಗೆ 5000ದಲ್ಲಿ 5000 ಹೋಯಿತು, ಉಳಿದದ್ದು ಬರೀ 1. ಉತ್ತರ 7743! ಒಂದೂವರೆ ಎಲ್ಲಿ, ಏಳು ಸಾವಿರದ ಏಳುನೂರು ಎಲ್ಲಿ. ಒಂದೇ ಒಂದು ಹೆಜ್ಜೆ ಹಿಂದಕ್ಕೆ ಹೋಗಿ 49 ಹಾಕಿದರೆ ಮೈನಸ್ 76 ಚಿಲ್ಲರೆ. ಹುಡುಗ ಗಾಬರಿಯಾದದ್ದರಲ್ಲಿ ತಪ್ಪೇನಿಲ್ಲ ಅಲ್ವಾ?

ಹಾಗಾದರೆ ಏನಾಗುತ್ತಿದೆ? ಮೇಲೂ ಕೆಳಗೂ ಪ್ರತಿಯೊಂದು ಪದವನ್ನೂ ಎಕ್ಸ್ ಸ್ಕ್ವೇರಿನಿಂದ ಭಾಗಿಸಿ. ಮೇಲೆ ಕೆಳಗೆ ಒಂದೇ ಸಂಖ್ಯೆಯಿಂದ ಭಾಗಿಸಿದರೆ ಬೆಲೆ ಬದಲಾಗುವುದಿಲ್ಲ. ಈಗ ಕೆಳಗಿನ ಸಾಲು ಹೀಗಾಗುತ್ತದೆ: 2, ಮೈನಸ್ 100 ಭಾಗ ಎಕ್ಸ್, ಪ್ಲಸ್ 1 ಭಾಗ ಎಕ್ಸ್ ಸ್ಕ್ವೇರ್. ನಮ್ಮ ಕಣ್ಣಿರಬೇಕಾದದ್ದು ನಡುವಿನ ಪದದ ಮೇಲೆ. ಎಕ್ಸ್ 50 ಆದಾಗ 100 ಭಾಗ 50, ಅಂದರೆ 2. ಎರಡರಲ್ಲಿ ಎರಡು ಹೋಗಿ ಕೆಳಗೆ ಹೆಚ್ಚುಕಮ್ಮಿ ಏನೂ ಉಳಿಯಲಿಲ್ಲ. ಅದಕ್ಕೇ ಬೆಲೆ ಆಕಾಶಕ್ಕೆ ಹಾರಿತು. ಎಕ್ಸ್ 1000 ಆದಾಗ ಅದೇ ಪದ ಬರೀ 0.1. ಕೆಳಗೆ 1.9 ಉಳಿಯಿತು, ಉತ್ತರ 1.58. 10,000ಕ್ಕೆ ಆ ಪದ 0.01, ಉತ್ತರ 1.508. ಲಕ್ಷ ಹಾಕಿ, 1.5008 ಬರುತ್ತದೆ.

ಅಂದರೆ 100 ಎಕ್ಸ್ ಕೂಡ ಕೊನೆಗೆ ಆಟಕ್ಕುಂಟು ಲೆಕ್ಕಕ್ಕಿಲ್ಲ ಅನ್ನುವ ಸ್ಥಿತಿಗೇ ಬಂತು. ಆದರೆ 50ರವರೆಗೆ ಅದರದ್ದೇ ಯಜಮಾನಿಕೆ. ದೊಡ್ಡ ಘಾತ ಯಾವಾಗ ಮೇಲುಗೈ ಸಾಧಿಸುತ್ತದೆ ಅಂತ ಸೂತ್ರ ಹೇಳುವುದಿಲ್ಲ, ಕೊನೆಗೆ ಸಾಧಿಸುತ್ತದೆ ಅಂತ ಮಾತ್ರ ಹೇಳುತ್ತದೆ. ಕ್ಯಾಲ್ಕುಲೇಟರಿನಲ್ಲಿ ಪರೀಕ್ಷೆ ಮಾಡುವವರು ಒಂದೇ ಬೆಲೆ ಹಾಕಿ ನಂಬಬೇಡಿ. ಸಾವಿರ, ಹತ್ತು ಸಾವಿರ, ಲಕ್ಷ ಹೀಗೆ ಹತ್ತತ್ತು ಪಟ್ಟು ಏರಿಸುತ್ತಾ ಹೋಗಿ. ಇಲ್ಲಿ ಒಂದೂವರೆಗಿಂತ ಜಾಸ್ತಿ ಇರುವ ಭಾಗ ಪ್ರತಿ ಸಲ ಸುಮಾರು ಹತ್ತನೇ ಒಂದಕ್ಕೆ ಇಳಿಯಿತು, ನೋಡಿದಿರಲ್ಲ.

ಉಳಿದ ಎರಡು ಸಂದರ್ಭ ಬೇಗ ಮುಗಿಸುತ್ತೇನೆ. ಕೆಳಗಿನ ಘಾತ ದೊಡ್ಡದಿದ್ದರೆ ಮಿತಿ ಸೊನ್ನೆ. ಮೇಲಿನದು ದೊಡ್ಡದಿದ್ದರೆ ಬೆಲೆ ಯಾವ ಸಂಖ್ಯೆಯ ಬಳಿಯೂ ನಿಲ್ಲದೆ ಬೆಳೆಯುತ್ತಲೇ ಹೋಗುತ್ತದೆ. ಅದು ಪ್ಲಸ್ ಕಡೆಗೋ ಮೈನಸ್ ಕಡೆಗೋ ಅನ್ನುವುದನ್ನು ಗುಣಾಂಕಗಳ ಚಿಹ್ನೆ ನೋಡಿ ಹೇಳಬೇಕು. ಎಕ್ಸ್ ಮೈನಸ್ ಅನಂತಕ್ಕೆ ಹೋಗುವ ಲೆಕ್ಕವಾದರೆ ಘಾತ ಸಮವೋ ಬೆಸವೋ ಅನ್ನುವುದನ್ನೂ ನೋಡಬೇಕು.

ಉತ್ತರ ಪತ್ರಿಕೆಗಳಲ್ಲಿ ನಾನು ಜಾಸ್ತಿ ನೋಡುವ ತಪ್ಪು ಬೇರೆಯದು. ಮೇಲೆ 2 ಪ್ಲಸ್ 7 ಎಕ್ಸ್ ಮೈನಸ್ 4 ಎಕ್ಸ್ ಸ್ಕ್ವೇರ್, ಕೆಳಗೆ ಎಕ್ಸ್ ಸ್ಕ್ವೇರ್ ಪ್ಲಸ್ 5 ಅಂತ ಕೊಟ್ಟರೆ ಅರ್ಧ ಕ್ಲಾಸು 2 ಅಂತ ಬರೆಯುತ್ತದೆ. ಮೊದಲು ಕಂಡದ್ದೇ ದೊಡ್ಡದು ಅಂದುಕೊಂಡು! ಸಾಲಿನಲ್ಲಿ ಮುಂದೆ ನಿಂತವನೇ ಎತ್ತರದವನು ಅಂತೇನಿಲ್ಲವಲ್ಲ. ಉತ್ತರ ಮೈನಸ್ 4.

ಇನ್ನು ನಿಜವಾಗಿ ಜಾಣರೂ ಎಡವುವ ಜಾಗಕ್ಕೆ ಬರೋಣ. ಮೇಲೆ ಎಕ್ಸ್ ಸ್ಕ್ವೇರ್, ಕೆಳಗೆ ಎಕ್ಸ್ ಪ್ಲಸ್ 1. ಇಡೀ ಭಿನ್ನರಾಶಿಯಿಂದ ಎಕ್ಸ್ ಕಳೆಯಿರಿ. ಅನಂತದಲ್ಲಿ ಎಷ್ಟು? ಜಾಣ ಹುಡುಗಿ ಹೀಗೆ ಯೋಚಿಸುತ್ತಾಳೆ: ಕೆಳಗಿನ 1 ಲೆಕ್ಕಕ್ಕಿಲ್ಲ, ಬಿಟ್ಟುಬಿಡು. ಎಕ್ಸ್ ಸ್ಕ್ವೇರ್ ಭಾಗ ಎಕ್ಸ್ ಅಂದರೆ ಎಕ್ಸ್. ಎಕ್ಸ್‌ನಲ್ಲಿ ಎಕ್ಸ್ ಹೋದರೆ ಸೊನ್ನೆ. ಕೇಳಲು ಚೆನ್ನಾಗಿದೆ. ಆದರೆ 99 ಹಾಕಿ ನೋಡಿ. 9801 ಭಾಗ 100, ಅಂದರೆ 98.01. ಅದರಲ್ಲಿ 99 ಕಳೆದರೆ ಮೈನಸ್ 0.99. 999 ಹಾಕಿದರೆ ಮೈನಸ್ 0.999. ಸೊನ್ನೆಯ ಕಡೆಗೆ ಹೋಗುವ ಲಕ್ಷಣವೇ ಇಲ್ಲ!

ಇಲ್ಲಿ ದೊಡ್ಡವರಿಬ್ಬರೂ ಒಬ್ಬರನ್ನೊಬ್ಬರು ಹೊಡೆದುಹಾಕಿಕೊಂಡರು. ಅವರು ಹೋದ ಮೇಲೆ ಉತ್ತರ ಹೇಳಬೇಕಾದವರು ನಾವು ಲೆಕ್ಕಕ್ಕಿಲ್ಲ ಅಂತ ಕೈಬಿಟ್ಟ ಚಿಕ್ಕವರೇ. ದೊಡ್ಡ ಘಾತ ಹೋಲಿಸುವ ಸೂತ್ರ ಇರುವುದು ಮೇಲೊಂದು ಬಹುಪದ, ಕೆಳಗೊಂದು ಬಹುಪದ ಇರುವ ಒಂದೇ ಭಿನ್ನರಾಶಿಗೆ. ಹೊರಗೆ ಇನ್ನೊಂದು ಕಳೆಯುವ ಪದ ಇದ್ದರೆ ಮೊದಲು ಅದನ್ನು ಒಳಗೆ ತರಬೇಕು. ಎಕ್ಸನ್ನು ಎಕ್ಸ್ ಪ್ಲಸ್ 1ರಿಂದ ಗುಣಿಸಿ ಮೇಲಿನಿಂದ ಕಳೆಯಿರಿ. ಎಕ್ಸ್ ಸ್ಕ್ವೇರ್ ಹೊರಟುಹೋಗಿ ಮೇಲೆ ಮೈನಸ್ ಎಕ್ಸ್ ಮಾತ್ರ ಉಳಿಯುತ್ತದೆ. ಕೆಳಗೆ ಎಕ್ಸ್ ಪ್ಲಸ್ 1. ಈಗ ಸೂತ್ರ ಹಾಕಿ, ಮೈನಸ್ 1. ಕ್ಯಾಲ್ಕುಲೇಟರ್ ಹೇಳುತ್ತಿದ್ದದ್ದೂ ಅದೇ.

ಹಾಳೆಯಲ್ಲಿ ಇನ್ನೂ ಜಾಗ ಇದ್ದರೆ ಇನ್ನೊಂದು ಬರೆದುಕೊಳ್ಳಿ. ಮೇಲೆ ಎಕ್ಸ್ ಸ್ಕ್ವೇರ್ ಪ್ಲಸ್ 3 ಎಕ್ಸ್, ಕೆಳಗೆ ಎಕ್ಸ್ ಮೈನಸ್ 2. ಇಡೀ ಭಿನ್ನರಾಶಿಯಿಂದ ಎಕ್ಸ್ ಕಳೆಯಿರಿ. ಉತ್ತರ 5 ಬರಬೇಕು. ನಿಮಗೆ 0 ಬಂದರೆ ದೊಡ್ಡ ಘಾತಗಳನ್ನಷ್ಟೇ ನೋಡಿದ್ದೀರಿ. 3 ಬಂದರೆ ಮೇಲಿನ 3 ಎಕ್ಸನ್ನು ಉಳಿಸಿಕೊಂಡು, ಕೆಳಗಿನ ಮೈನಸ್ 2ನ್ನು ಸ್ವಲ್ಪ ಬೇಗ ಕೈಬಿಟ್ಟಿದ್ದೀರಿ. ನಮಸ್ಕಾರ.