ವರ್ಗಮೂಲದ ಒಳಗೆ ಕಳೆದುಹೋಗುವ ಮೈನಸ್

ಎಲ್ಲರಿಗೂ ನಮಸ್ಕಾರ. ಇವತ್ತು ಒಂದೇ ಒಂದು ಲೆಕ್ಕ ನೋಡೋಣ. √(x² + 1) / x. ಇಲ್ಲಿ x ಮೈನಸ್ ಇನ್ಫಿನಿಟಿಯ ಕಡೆಗೆ ಹೋದರೆ ಬೆಲೆ ಎಲ್ಲಿಗೆ ಹೋಗುತ್ತದೆ?

ಪಿಯುಸಿ ತರಗತಿಯಲ್ಲಿ ಈ ಲೆಕ್ಕ ಕೊಟ್ಟರೆ ಬಹಳ ಜನ ಹೀಗೆ ಬರೆಯುತ್ತಾರೆ. ಛೇದದ x ಅನ್ನು ವರ್ಗಮೂಲದ ಒಳಗೆ ತೆಗೆದುಕೊಂಡು ಹೋಗುತ್ತಾರೆ. ಒಳಗೆ ಹೋದಾಗ ಅದು x² ಆಗುತ್ತದೆ.

√(x² + 1) / x = √(1 + 1/x²)

1/x² ಸೊನ್ನೆಗೆ ಇಳಿಯುತ್ತದೆ, ಉತ್ತರ 1. ನೋಡಲು ಅಚ್ಚುಕಟ್ಟಾಗಿದೆ, ಆದರೆ ತಪ್ಪು.

ತಪ್ಪು ಎಲ್ಲಿದೆ ಎಂದು ಹುಡುಕಲು ಇನ್ಫಿನಿಟಿಯವರೆಗೆ ಹೋಗಬೇಕಿಲ್ಲ. x = −3 ಹಾಕಿ ನೋಡಿ. ಎಡಗಡೆ √10 ಭಾಗಿಸು −3, ಅಂದರೆ ಸುಮಾರು −1.054. ಬಲಗಡೆ √(1 + 1/9), ಅಂದರೆ +1.054. ಅಂಕಿಗಳು ಅವೇ, ಚಿಹ್ನೆ ಮಾತ್ರ ಬೇರೆ. ಅಂದರೆ ಲಿಮಿಟ್ ತೆಗೆದುಕೊಳ್ಳುವ ಮೊದಲೇ, ಆ ಸಮ ಚಿಹ್ನೆ ಹಾಕಿದಲ್ಲೇ ಲೆಕ್ಕ ಕೆಟ್ಟಿದೆ.

ಕಾರಣ ಇಷ್ಟೇ. √ ಗುರುತು ಯಾವತ್ತೂ ಮೈನಸ್ ಸಂಖ್ಯೆಯನ್ನು ಕೊಡುವುದಿಲ್ಲ. (−3)² ಅಂದರೆ 9, ಅದರ √ ಅಂದರೆ 3. ನಾವು ಹೊರಟ −3 ವಾಪಸ್ ಸಿಗಲಿಲ್ಲ, ಅಲ್ವಾ? √(x²) ಅಂದರೆ x ಅಲ್ಲ, |x|. x ಪ್ಲಸ್ ಆಗಿದ್ದಾಗ ಎರಡೂ ಒಂದೇ, ಹಾಗಾಗಿ ಪ್ಲಸ್ ಇನ್ಫಿನಿಟಿಯ ಲೆಕ್ಕಗಳಲ್ಲಿ ಈ ತಪ್ಪು ಸಿಕ್ಕಿಬೀಳುವುದೇ ಇಲ್ಲ. ಅಲ್ಲಿ ಕೂತ ಅಭ್ಯಾಸ ಇಲ್ಲಿ ಕೈಕೊಡುತ್ತದೆ. x ಮೈನಸ್ ಆಗಿದ್ದಾಗ |x| = −x. ಅಂದರೆ x = −√(x²). ಈ ಮೈನಸ್ ಇಟ್ಟುಕೊಂಡು ಬರೆದರೆ:

√(x² + 1) / x = −√(1 + 1/x²) → −1

ಚಿಹ್ನೆಯ ಮೇಲೆ ಅನುಮಾನ ಇದ್ದರೆ ನಾನು ಯಾವಾಗಲೂ ಹೇಳುವ ದಾರಿ ಒಂದಿದೆ. x = −t ಎಂದು ಬದಲಿಸಿಬಿಡಿ. ಆಗ t ಪ್ಲಸ್ ಇನ್ಫಿನಿಟಿಗೆ ಹೋಗುತ್ತದೆ. ಒಳಗೆ t² + 1, ಕೆಳಗೆ −t. ಮೈನಸ್ ಕಣ್ಣೆದುರೇ ನಿಂತಿರುತ್ತದೆ, ಅದನ್ನು ಹೊರಗೆ ತೆಗೆದಿಟ್ಟು t ಅನ್ನು ಧೈರ್ಯವಾಗಿ ಒಳಗೆ ಕಳಿಸಬಹುದು.

ಲೋಪಿತಾಲ್ ನಿಯಮ ಹಾಕಿದರೆ ಆಗಲ್ವಾ ಎಂದು ಕೆಲವರು ಕೇಳುತ್ತಾರೆ. ಹಾಕಿ ನೋಡಿ. ಮೇಲಿನದರ ಡೆರಿವೇಟಿವ್ x / √(x² + 1), ಕೆಳಗಿನದರದ್ದು 1. ನಮ್ಮ ಲೆಕ್ಕವೇ ತಲೆಕೆಳಗಾಗಿ ಬಂತು! ಇನ್ನೊಮ್ಮೆ ಹಾಕಿದರೆ ಮತ್ತೆ ಮೊದಲಿನದೇ. ಲಿಮಿಟ್ L ಇದೆ ಎಂದುಕೊಂಡರೆ L = 1/L, ಅಂದರೆ L² = 1. 1 ಅಥವಾ −1 ಎಂಬಲ್ಲಿಗೆ ಬಂದು ನಿಂತೆವು. ಚಿಹ್ನೆಯನ್ನು ಆ ನಿಯಮ ಹೇಳುವುದಿಲ್ಲ. ಅದಕ್ಕೆ ಮತ್ತೆ ಮೂಲ ಲೆಕ್ಕವನ್ನೇ ನೋಡಬೇಕು: ಮೇಲೆ ವರ್ಗಮೂಲ, ಯಾವಾಗಲೂ ಪ್ಲಸ್. ಕೆಳಗೆ x, ಇಲ್ಲಿ ಮೈನಸ್. ಹಾಗಾಗಿ ಉತ್ತರ 1 ಆಗಲು ಸಾಧ್ಯವೇ ಇಲ್ಲ.