ಅರಿಶಿಣದ ಫೋಟೋದಲ್ಲಿ ಕೈ, ಕುತ್ತಿಗೆಯ ಬಿಸಿಲಿನ ಗೆರೆ: ಬೂದಿ ಬಣ್ಣ ಬರದಂತೆ ಸರಿಮಾಡೋಣ

ನಮಸ್ಕಾರ. ಸ್ಕ್ರೀನ್ ಮೇಲೆ ಕಾಣುತ್ತಿರುವುದು ಗಂಗಾವತಿ ಕಡೆಯ ಒಂದು ಮದುವೆ ಮನೆಯ ಅರಿಶಿಣದ ಫೋಟೋ. ಮನೆಯವರನ್ನು ಕೇಳಿಯೇ ತೋರಿಸುತ್ತಿದ್ದೇನೆ, ಕಣ್ಣಿನ ಭಾಗ ಮಾತ್ರ ಮುಚ್ಚಿದ್ದೇನೆ.

ಮದುಮಗ ಭತ್ತದ ರೈತ. ಬೇಸಿಗೆ ಬೆಳೆಯ ಕಟಾವು ಮುಗಿದ ಕೂಡಲೇ ಮದುವೆ. ಹಾಫ್ ತೋಳಿನ ಅಂಗಿಯಲ್ಲೇ ಇಡೀ ಹಂಗಾಮು ಗದ್ದೆಯಲ್ಲಿ ಕಳೆದವರು. ಈಗ ಬನಿಯನ್‌ನಲ್ಲಿ ಕೂತಿದ್ದಾರೆ, ರಟ್ಟೆಯ ಮೇಲೆ ಗೆರೆ ಎಳೆದ ಹಾಗೆ ಕಾಣುತ್ತಿದೆ. ಗೆರೆಯ ಕೆಳಗೆ ಕಡುಕಂದು, ಮೇಲೆ ತಿಳಿ ಬಣ್ಣ. ಕಾಲರ್ ತೆರೆದಿದ್ದ ಜಾಗದಲ್ಲಿ ಕುತ್ತಿಗೆ ಸುಟ್ಟು ಕೆಂಪಾಗಿದೆ.

ಇಂಥ ಫೋಟೋ ಕೊಟ್ಟವರು ಸಾಮಾನ್ಯವಾಗಿ ಹೇಳುವುದು ಒಂದೇ ಮಾತು: "ಅಣ್ಣಾ, ಹುಡುಗನ ಕೈ ಒಂಚೂರು ಬೆಳ್ಳಗ ಮಾಡ್ರಿ." ನಾನು ಬೆಳ್ಳಗೆ ಮಾಡುವುದಿಲ್ಲ. ಕೈ, ಕುತ್ತಿಗೆಯನ್ನು ಮುಖದ ಬಣ್ಣಕ್ಕೆ ಹೊಂದಿಸುತ್ತೇನೆ. ಊರವರು ಆ ಹುಡುಗನನ್ನು ಗುರುತಿಸುವುದೇ ಮುಖದ ಬಣ್ಣದಿಂದ, ಅಲ್ವಾ? ಮುಖವೂ ಬಿಸಿಲು ಕಂಡಿರುತ್ತದೆ. ಅದು ಮುಚ್ಚಿದ ರಟ್ಟೆಯಷ್ಟು ತಿಳಿಯೂ ಅಲ್ಲ, ಮೊಣಕೈ ಕೆಳಗಿನಷ್ಟು ಕಪ್ಪೂ ಅಲ್ಲ.

ಶುರು ಮಾಡುವ ಮುಂಚೆ ಲ್ಯಾಪ್‌ಟಾಪ್‌ನ ನೈಟ್ ಲೈಟ್ ಆಫ್ ಮಾಡಿ. ಅದು ಆನ್ ಇದ್ದರೆ ಸ್ಕ್ರೀನ್ ಹಳದಿಯಾಗಿರುತ್ತದೆ. ಚರ್ಮ ಹಳದಿ ಕಂಡಿತು ಅಂತ ನೀವು ನೀಲಿ ಸೇರಿಸುತ್ತೀರಿ, ಆಲ್ಬಂ ಬಂದಾಗ ಎಲ್ಲರೂ ಚಳಿ ಹಿಡಿದವರ ಹಾಗೆ ಕಾಣುತ್ತಾರೆ. ಆಮೇಲೆ ವೈಟ್ ಬ್ಯಾಲೆನ್ಸ್. ಈ ಫೋಟೋ ಗುಲಾಬಿ ಶಾಮಿಯಾನದ ಕೆಳಗೆ ತೆಗೆದದ್ದು, ಬಟ್ಟೆಯ ಬಣ್ಣ ಚರ್ಮಕ್ಕೂ ಬಿದ್ದಿದೆ. ಕ್ಯಾಮೆರಾ ರಾ ಒಳಗೆ ಬಿಳಿ ಪಂಚೆಯ ನೆರಳಿನ ಭಾಗದ ಮೇಲೆ ಕ್ಲಿಕ್ ಮಾಡಿದೆ. ಬನಿಯನ್ ಮೇಲೆ ಮಾಡಬೇಡಿ, ಅದಕ್ಕೆ ಅರಿಶಿಣ ತಾಗಿದೆ.

ಈಗ ಫೋಟೋಶಾಪ್‌ನಲ್ಲಿ ಬಣ್ಣ ಅಳೆಯೋಣ. ಕಣ್ಣಳತೆ ಇಲ್ಲಿ ಸಾಲದು. ಕಪ್ಪು ಕೈ ಪಕ್ಕದಲ್ಲಿದ್ದರೆ ತಿಳಿ ರಟ್ಟೆ ಇನ್ನೂ ತಿಳಿಯಾಗಿ ಕಾಣುತ್ತದೆ. ಐಡ್ರಾಪರ್‌ನ ಸ್ಯಾಂಪಲ್ ಸೈಜ್ 11 ಬೈ 11 ಆವರೇಜ್ ಇಡಿ. ಇನ್ಫೋ ಪ್ಯಾನೆಲ್‌ನಲ್ಲಿ ಎಚ್‌ಎಸ್‌ಬಿ ಆರಿಸಿ. ಗೆರೆಯ ಎರಡೂ ಬದಿ ಅಕ್ಕಪಕ್ಕದಲ್ಲೇ, ಒಂದೇ ಬೆಳಕು ಬಿದ್ದ ಕಡೆ ನೋಡಿ. ಕೈಯ ಅಂಚಿನಲ್ಲಿ ನೋಡಿದರೆ ನೆರಳಿನ ಲೆಕ್ಕ ಸೇರಿಕೊಳ್ಳುತ್ತದೆ. ಅರಿಶಿಣ ಮೆತ್ತಿದ ಜಾಗದ ಹತ್ತಿರವೂ ಹೋಗಬೇಡಿ.

ಇಲ್ಲಿ ರಟ್ಟೆಯ ಬ್ರೈಟ್‌ನೆಸ್ 73, ಗೆರೆಯ ಕೆಳಗೆ 52, ಕೆನ್ನೆಯಲ್ಲಿ 62. ಹ್ಯೂ ಮೂರೂ ಕಡೆ 21ರಿಂದ 23ರ ಒಳಗೇ ಇದೆ. ಅಂದರೆ ಬಿಸಿಲಿಗೆ ಕಪ್ಪಾದ ಕೈಯ ಬಣ್ಣದ ಜಾತಿ ಬದಲಾಗಿಲ್ಲ, ಗಾಢತೆ ಅಷ್ಟೇ ಬದಲಾಗಿದೆ. ಕುತ್ತಿಗೆ ನೋಡಿ: ಬ್ರೈಟ್‌ನೆಸ್ 70 ಇದ್ದರೂ ಹ್ಯೂ 13ಕ್ಕೆ ಇಳಿದಿದೆ. ಅದು ಕೆಂಪಿನ ಕಡೆ ಜರುಗಿದೆ. ಹಾಗಾಗಿ ಕೈಗೆ ಒಂದು ಮದ್ದು, ಕುತ್ತಿಗೆಗೆ ಬೇರೆ ಮದ್ದು.

ಮೊದಲು ಕೈ. ಸುಮ್ನೆ ಕೆಳಗಿನ ಭಾಗವನ್ನು ಎತ್ತಿ 73ಕ್ಕೆ ತಂದುಬಿಡೋಣ ಅನಿಸುತ್ತದೆ. ಚರ್ಮ ಬೂದಿ ಬಣ್ಣಕ್ಕೆ ತಿರುಗುವುದು ಅಲ್ಲೇ. ಕಪ್ಪಾದ ಕೈಯಲ್ಲಿ ಕೆಂಪು 132, ಹಸಿರು 90, ನೀಲಿ 68 ಇದೆ. ಮೂರಕ್ಕೂ ಸಮನಾಗಿ 54 ಸೇರಿಸಿದರೆ 186, 144, 122 ಆಗುತ್ತದೆ. ಬೆಳಕು ರಟ್ಟೆಯಷ್ಟೇ ಬಂತು, ಆದರೆ ಸ್ಯಾಚುರೇಶನ್ 48ರಿಂದ 34ಕ್ಕೆ ಬಿತ್ತು. ರಟ್ಟೆಯಲ್ಲಿ ಅದು 40 ಇದೆ. ಹಿಟ್ಟು ಬಳಿದಂತೆ ಕಾಣುವುದು ಈ ಕೊರತೆಯಿಂದ.

ಅದಕ್ಕೇ ಎರಡೂ ಕಡೆಯಿಂದ ಮುಖದ ಬಣ್ಣಕ್ಕೆ ಬರುತ್ತೇನೆ. ಒಂದು ಕರ್ವ್ಸ್ ಲೇಯರ್ ತೆಗೆದು ನಡುಭಾಗವನ್ನು ಸ್ವಲ್ಪ ಕೆಳಗೆ ಎಳೆದೆ. ಮಾಸ್ಕ್ ಮೇಲೆ Ctrl+I ಒತ್ತಿದರೆ ಅದು ಕಪ್ಪಾಗುತ್ತದೆ. ಈಗ ಮೆತ್ತನೆಯ ಬ್ರಷ್, ಫ್ಲೋ 8 ಪರ್ಸೆಂಟ್, ಬಿಳಿ ಬಣ್ಣ. ತಿಳಿ ರಟ್ಟೆಯ ಮೇಲೆ ನಿಧಾನವಾಗಿ ಬಳಿಯಿರಿ. ಹೀಗೆ ಗಾಢ ಮಾಡುವಾಗ ಸ್ಯಾಚುರೇಶನ್ ತಾನಾಗಿಯೇ ಏರುತ್ತದೆ, ಚರ್ಮದ ಬಿಸುಪು ಉಳಿಯುತ್ತದೆ. ಇನ್ನೊಂದು ಕರ್ವ್ಸ್ ಲೇಯರ್‌ನಲ್ಲಿ ಕೆಳಗಿನ ಕೈಯನ್ನು ಒಂದಿಷ್ಟು ಎತ್ತಿದೆ. ಬ್ಲೂ ಚಾನೆಲ್ ತೆರೆದು ನಡುವನ್ನು ಕೂದಲೆಳೆಯಷ್ಟು ಇಳಿಸಿದೆ. ಎತ್ತಿದಾಗ ಬಂದ ಬೂದಿ ಛಾಯೆ ಅದರಿಂದ ಹೋಗುತ್ತದೆ. ನಾನು ಮುಂಗೈಯನ್ನು 58ರ ಹತ್ತಿರ ನಿಲ್ಲಿಸಿದ್ದೇನೆ. ಗೆರೆ ಹೋಗಬೇಕು, ದುಡಿದ ಕೈ ಮುಖಕ್ಕಿಂತ ತುಸು ಗಾಢವಾಗಿರುವುದು ಹೋಗಬಾರದು.

ಜಾಸ್ತಿ ಹೊತ್ತು ಬೇಕಾಗುವುದು ಗೆರೆಗೇ. ಹತ್ತಿರ ಹೋಗಿ 200 ಪರ್ಸೆಂಟ್‌ನಲ್ಲಿ ನೋಡಿ. ತೋಳಿನ ಅಂಚು ಕೆಲಸ ಮಾಡುವಾಗ ಮೇಲೆ ಕೆಳಗೆ ಸರಿಯುತ್ತಿರುತ್ತದೆ, ಆದ್ದರಿಂದ ಗೆರೆ ಕತ್ತರಿಸಿದಂತೆ ಇರುವುದಿಲ್ಲ. ಸುಮಾರು ಬೆರಳಿನ ಅಗಲದಲ್ಲಿ ಮಸುಕಾಗಿದೆ. ನಿಮ್ಮ ಮಾಸ್ಕ್‌ನ ಅಂಚೂ ಅಷ್ಟೇ ಮಸುಕಾಗಿರಬೇಕು. ಬ್ರಷ್ ತೀರಾ ದೊಡ್ಡದಾದರೆ ಗೆರೆಯ ಎರಡೂ ಬದಿ ಕಡಗ ಹಾಕಿದಂತೆ ಪಟ್ಟಿ ಉಳಿಯುತ್ತದೆ. ಅದನ್ನು ಹಿಡಿಯಲು ಎಲ್ಲಕ್ಕಿಂತ ಮೇಲೆ ಒಂದು ಬ್ಲ್ಯಾಕ್ ಆ್ಯಂಡ್ ವೈಟ್ ಲೇಯರ್ ಇಡಿ. ಬಣ್ಣ ಮರೆಯಾಗಿ ಗಾಢತೆ ಮಾತ್ರ ಕಾಣುತ್ತದೆ, ಪಟ್ಟಿ ಎದ್ದು ತೋರುತ್ತದೆ. ತಿದ್ದಿದ ಮೇಲೆ ಆ ಲೇಯರ್ ಮುಚ್ಚಿಬಿಡಿ.

ಬ್ಲರ್ ಬೇಡ. ಕರ್ವ್ಸ್‌ನಿಂದ ಕೈಯ ಕೂದಲು, ಚರ್ಮದ ನೆರಿಗೆ ಹಾಗೇ ಉಳಿಯುತ್ತವೆ. ಬೆವರಿನ ಹೊಳಪು ಪೂರ್ತಿ ಬೆಳ್ಳಗಾಗಿದ್ದರೆ ಮಾತ್ರ ಅದನ್ನು ಎತ್ತುವ ಲೇಯರ್‌ನ ಮಾಸ್ಕ್‌ನಿಂದ ಹೊರಗಿಡಿ. ಅಲ್ಲಿ ಬಣ್ಣವೇ ಇಲ್ಲ.

ಈಗ ಕುತ್ತಿಗೆ. ಹ್ಯೂ ಸ್ಯಾಚುರೇಶನ್ ಲೇಯರ್ ತೆಗೆದು ಮಾಸ್ಟರ್ ಬದಲು ರೆಡ್ಸ್ ಆರಿಸಿ, ಸುಟ್ಟ ಜಾಗದ ಮೇಲೆ ಕ್ಲಿಕ್ ಮಾಡಿ. ಯಾವ ಭಾಗ ಹಿಡಿದುಕೊಂಡಿದೆ ಅಂತ ತಿಳಿಯಲು ಹ್ಯೂವನ್ನು ಒಮ್ಮೆ ಪೂರ್ತಿ ಒಂದು ಕಡೆಗೆ ತಳ್ಳಿ. ಕುತ್ತಿಗೆ ಹಸಿರೋ ನೀಲಿಯೋ ಆಗುತ್ತದೆ. ಕೆಳಗಿನ ಪಟ್ಟಿಯ ಗುರುತುಗಳನ್ನು ಜರುಗಿಸುತ್ತಾ ಸುಟ್ಟ ಜಾಗವಷ್ಟೇ ಬಣ್ಣ ಬದಲಿಸುವ ಹಾಗೆ ಮಾಡಿ. ಆಮೇಲೆ ಹ್ಯೂ ಸೊನ್ನೆಗೆ ತಂದು, ಪ್ಲಸ್ 8 ಕೊಡಿ. 13 ಇದ್ದದ್ದು 21ಕ್ಕೆ ಬಂತು. ಸ್ಯಾಚುರೇಶನ್ ಮೈನಸ್ 4 ಸಾಕು. ಕೆಂಪು ಕಂಡ ಕೂಡಲೇ ಸ್ಯಾಚುರೇಶನ್ ಪೂರ್ತಿ ಎಳೆದು ಇಳಿಸಿದರೆ ಕುತ್ತಿಗೆ ಸಿಮೆಂಟಿನಂತಾಗುತ್ತದೆ. ಮಾಸ್ಕ್ ಕುತ್ತಿಗೆಗೆ ಮಾತ್ರ ಇರಲಿ. ತುಟಿ, ಹಣೆಯ ಕುಂಕುಮ ಇದೇ ಕೆಂಪಿನಲ್ಲಿವೆ, ಅವೂ ಹಳದಿಗೆ ತಿರುಗುತ್ತವೆ. ಕುತ್ತಿಗೆ ಮುಖಕ್ಕಿಂತ ಇನ್ನೂ ತಿಳಿಯಾಗಿರುವುದರಿಂದ ಗಾಢ ಮಾಡಿದ ಆ ಮೊದಲ ಲೇಯರ್‌ನ ಮಾಸ್ಕ್‌ನಲ್ಲೇ ಎರಡು ಸಲ ಬ್ರಷ್ ಆಡಿಸಿದೆ. ಸಿಪ್ಪೆ ಸುಲಿದ ಚರ್ಮ ಇದರಿಂದ ಸರಿಹೋಗುವುದಿಲ್ಲ, ಅದಕ್ಕೆ ಬೇರೆ ಲೇಯರ್‌ನಲ್ಲಿ ಹೀಲಿಂಗ್ ಬ್ರಷ್ ಬೇಕು.

ಅರಿಶಿಣ ಬಿದ್ದ ಕಡೆ ಮೂರೂ ಮಾಸ್ಕ್‌ಗಳನ್ನು ಕಪ್ಪು ಬ್ರಷ್‌ನಿಂದ ಅಳಿಸಿ. ಅರಿಶಿಣ ಪೇಲವವಾದರೆ ಈ ಫೋಟೋದಲ್ಲಿ ಉಳಿಯುವುದಾದರೂ ಏನು?

ಇದೇ ಬೆಳಕಿನಲ್ಲಿ ತೆಗೆದ ಬೇರೆ ಫೋಟೋಗಳಿಗೆ ಮೂರೂ ಲೇಯರ್‌ಗಳನ್ನು ಎಳೆದು ಹಾಕಿಕೊಳ್ಳಿ, ಮಾಸ್ಕ್ ಮಾತ್ರ ಹೊಸದಾಗಿ ಬಳಿಯಿರಿ. ಆಲ್ಬಂಗೆ ಕಳಿಸುವ ಮೊದಲು ಅದೇ ಲ್ಯಾಬ್‌ನಲ್ಲಿ ಒಂದು ಸಣ್ಣ ಪ್ರಿಂಟ್ ಹಾಕಿಸಿ, ಹಗಲು ಹೊತ್ತು ಕಿಟಕಿ ಪಕ್ಕ ನಿಂತು ನೋಡಿ. ಟ್ಯೂಬ್‌ಲೈಟ್ ಕೆಳಗೆ ನೋಡಿದರೆ ಚರ್ಮದ ಬಣ್ಣ ನಂಬುವ ಹಾಗಿಲ್ಲ. ಕೈ ಮುಖಕ್ಕಿಂತ ತಣ್ಣಗೆ ಕಂಡರೆ ಎತ್ತಿದ ಲೇಯರ್‌ನ ಒಪಾಸಿಟಿ ಇಳಿಸಿ.