ಮೊದಲ ಸಂಬಳದ ಉಳಿತಾಯ: ಕೈಯಲ್ಲೆಷ್ಟು, ಹೂಡಿಕೆಗೆಷ್ಟು?

ಕೇಳುಗರಿಗೆ ನಮಸ್ಕಾರ.

ತೋರಣಗಲ್ಲಿನ ಕಾರ್ಖಾನೆಗಳಲ್ಲಿ, ಗಿಣಿಗೇರಿಯ ಘಟಕಗಳಲ್ಲಿ, ಬಳ್ಳಾರಿ ನಗರದ ಆಫೀಸು, ಆಸ್ಪತ್ರೆ, ಅಂಗಡಿಗಳಲ್ಲಿ ಈ ವರ್ಷ ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗ ಹುಡುಗಿಯರ ಜೊತೆ ಇವತ್ತು ಮಾತಾಡಬೇಕು ಅಂತ ಬಂದಿದ್ದೇನೆ. ತಿಂಗಳ ಖರ್ಚೆಲ್ಲ ಕಳೆದು ನಾಲ್ಕೋ ಆರೋ ಸಾವಿರ ಉಳಿಯುತ್ತದೆ ಅಂತಿಟ್ಟುಕೊಳ್ಳಿ. ಅದರಲ್ಲಿ ತುರ್ತಿಗೆ ಎಷ್ಟು ಇಡಬೇಕು, ಹೂಡಿಕೆಗೆ ಎಷ್ಟು ಹಾಕಬೇಕು? ಬಹಳ ಜನ ಅರ್ಧ ಅರ್ಧ ಮಾಡಿ ಕೈತೊಳೆದುಕೊಳ್ಳುತ್ತಾರೆ. ನನ್ನ ಪ್ರಕಾರ ಈ ಪಾಲು ಒಂದೇ ಸಲಕ್ಕೆ ನಿಲ್ಲಿಸಿಬಿಡುವಂಥದ್ದಲ್ಲ. ತುರ್ತಿನ ಹಣ ಎಷ್ಟು ತುಂಬಿದೆ ಅನ್ನುವುದರ ಮೇಲೆ ಪಾಲು ಬದಲಾಗುತ್ತಾ ಹೋಗಬೇಕು.

ಒಂದು ಲೆಕ್ಕ ಹಾಕೋಣ. ಹುಡುಗನ ಊರು ಸಿರುಗುಪ್ಪದ ಹತ್ತಿರ. ಡಿಪ್ಲೊಮಾ ಮುಗಿಸಿ ತೋರಣಗಲ್ಲಿನಲ್ಲಿ ಗುತ್ತಿಗೆದಾರನ ಕೈಕೆಳಗೆ ಕೆಲಸಕ್ಕೆ ಸೇರಿದ್ದಾನೆ. ಸಂಬಳದ ಚೀಟಿಯಲ್ಲಿ 26,000 ರೂಪಾಯಿ. ಪಿಎಫ್‌ಗೆ 1,800, ವೃತ್ತಿ ತೆರಿಗೆಗೆ 200 ಹೋಗಿ ಕೈಗೆ ಬರುವುದು 24,000. ರೂಮಿನ ಬಾಡಿಗೆಯಲ್ಲಿ ಅವನ ಪಾಲು 2,500, ಮೆಸ್ಸಿಗೆ 3,500, ಪೆಟ್ರೋಲು ಮತ್ತು ಫೋನಿಗೆ 1,500, ಬೈಕಿನ ಕಂತು 2,500, ಊರಿಗೆ 5,000, ಬಟ್ಟೆ, ಹೋಟೆಲು, ಸ್ನೇಹಿತರು ಅಂತ 3,000. ಒಟ್ಟು 18,000. ಉಳಿಯುವುದು 6,000.

ಇಲ್ಲಿ ಮೊದಲ ಪ್ರಶ್ನೆ, ತುರ್ತಿಗೆ ಎಷ್ಟು ಬೇಕು? ಆರು ತಿಂಗಳ ಸಂಬಳ ಇಟ್ಟುಕೊಳ್ಳಿ ಅಂತ ಸಲಹೆ ಕೊಡುವವರಿದ್ದಾರೆ. ಆರು ತಿಂಗಳ ಸಂಬಳ ಅಂದರೆ ಈ ಹುಡುಗನಿಗೆ 1,44,000. ಆ ಅಂಕಿ ಕೇಳಿದರೆ ಯಾರಿಗಾದರೂ ಕೈ ಬಿಡಬೇಕು ಅನಿಸುತ್ತದೆ. ಅಳತೆ ಸಂಬಳದ್ದಲ್ಲ, ಕೆಲಸ ಹೋದ ತಿಂಗಳು ತಪ್ಪಿಸಲಾಗದ ಖರ್ಚಿನದ್ದು. ಬಾಡಿಗೆ 2,500 ತಪ್ಪುವುದಿಲ್ಲ. ಮೆಸ್ 3,500 ತಪ್ಪುವುದಿಲ್ಲ. ಬೈಕಿನ ಕಂತು 2,500 ಕಟ್ಟಲೇಬೇಕು. ಕೆಲಸಕ್ಕೆ ಅಲೆಯಲು ಪೆಟ್ರೋಲು, ಫೋನು ಸೇರಿ 1,000 ಸಾಕು. ಬಟ್ಟೆ, ಹೋಟೆಲು ಸೊನ್ನೆ. ಇನ್ನು ಊರಿಗೆ ಕಳಿಸುವ ಹಣ. ಇದನ್ನು ಅಪ್ಪನ ಜೊತೆ ಕೂತು ಮಾತಾಡಿಯೇ ತೀರ್ಮಾನಿಸಬೇಕು. "ಅಪ್ಪಾ, ನಾಳೆ ಕೆಲಸ ಹೋದ್ರ ಮನಿಗೆ ತಿಂಗ್ಳಾ ಎಷ್ಟರ ಬೇಕಾಗ್ತೈತಿ?" ಅಂತ ಕೇಳಿದರೆ ಅಪ್ಪನೇ ಹೇಳುತ್ತಾರೆ, "ಅವ್ವನ ಗುಳಿಗಿಗೆ, ಕಿರಾಣಿಗೆ ಎರಡೂವರಿ ಸಾವಿರ ಇದ್ರ ನಡೀತೈತಿ ತಮ್ಮಾ." ಎಲ್ಲ ಕೂಡಿಸಿದರೆ ತಿಂಗಳಿಗೆ 12,000. ಕೆಲಸ ಗುತ್ತಿಗೆಯದ್ದಾದ್ದರಿಂದ ನಾಲ್ಕು ತಿಂಗಳಿಗೆ ಆಗುವಷ್ಟು, ಅಂದರೆ 48,000 ಇಟ್ಟುಕೊಳ್ಳಲಿ. ಕೆಲಸ ಕಾಯಂ ಇದ್ದವರಿಗೆ ಮೂರು ತಿಂಗಳದ್ದು ಸಾಕಾಗಬಹುದು. ಇಡೀ ಮನೆಗೆ ನಿಮ್ಮದೊಂದೇ ದುಡಿಮೆಯಾದರೆ ಆರು ತಿಂಗಳದ್ದು ಬೇಕು.

ಈಗ ಪಾಲು. ಮೊದಲ ಎರಡು ತಿಂಗಳು ಪೂರ್ತಿ 6,000 ತುರ್ತಿಗೇ ಹೋಗಲಿ. 12,000 ಆಯಿತು, ಒಂದು ತಿಂಗಳ ದಾರಿ ಸಿಕ್ಕಿತು. ಮೂರನೇ ತಿಂಗಳಿಂದ 4,500 ತುರ್ತಿಗೆ, 1,500 ಹೂಡಿಕೆಗೆ. ಬೇಕಾದ ಇನ್ನು 36,000 ಎಂಟು ತಿಂಗಳಲ್ಲಿ ತುಂಬುತ್ತದೆ. ಹತ್ತನೇ ತಿಂಗಳ ಕೊನೆಗೆ ತುರ್ತಿನಲ್ಲಿ 48,000, ಹೂಡಿಕೆಯಲ್ಲಿ ಹಾಕಿದ್ದು 12,000. ಹನ್ನೊಂದನೇ ತಿಂಗಳಿಂದ ಪಾಲು ತಿರುಗುತ್ತದೆ. 5,500 ಹೂಡಿಕೆಗೆ, 500 ಮಾತ್ರ ತುರ್ತಿಗೆ. ಮೆಸ್ಸಿನ ದರ ಏರುತ್ತದೆ, ಬಾಡಿಗೆ ಏರುತ್ತದೆ, ಆ 500 ಅದಕ್ಕೆ.

ಅರ್ಧ ಅರ್ಧ ಮಾಡಿದ್ದರೆ? ತಿಂಗಳಿಗೆ 3,000ದಂತೆ 48,000 ಆಗಲು 16 ತಿಂಗಳು ಬೇಕಿತ್ತು. ಕೆಲಸಕ್ಕೆ ಸೇರಿದ ಮೊದಲ ವರ್ಷವೇ ಗುತ್ತಿಗೆ ಕೆಲಸದಲ್ಲಿ ಹೆಚ್ಚು ಅಲುಗಾಡುವ ಕಾಲ. ಆ ಆರು ತಿಂಗಳ ವ್ಯತ್ಯಾಸ ಸಣ್ಣದಲ್ಲ. ಹಾಗಾದರೆ ತುರ್ತು ತುಂಬುವವರೆಗೆ ಹೂಡಿಕೆ ಪೂರ್ತಿ ಬಿಡಬಹುದಲ್ಲ ಅಂತ ಕೇಳಬಹುದು. ಬಿಟ್ಟರೆ ಎಂಟು ತಿಂಗಳಲ್ಲಿ ಮುಗಿಯುತ್ತದೆ, ಎರಡು ತಿಂಗಳು ಬೇಗ. ತಪ್ಪೇನಿಲ್ಲ. ಆದರೂ ಆ 1,500 ಶುರುವಾಗಲಿ ಅನ್ನುವುದು ನನ್ನ ಅಭಿಪ್ರಾಯ. ಹಾಕಿದ ದುಡ್ಡು ಒಂದು ತಿಂಗಳು ಇಳಿದು ಇನ್ನೊಂದು ತಿಂಗಳು ಏರುವುದನ್ನು ಸಣ್ಣ ಮೊತ್ತದಲ್ಲಿ ಕಣ್ಣಾರೆ ನೋಡಿದವರು ಮುಂದೆ ದೊಡ್ಡ ಮೊತ್ತ ಇಳಿದಾಗ ಗಾಬರಿಯಾಗಿ ಮಾರುವುದಿಲ್ಲ.

ಷೇರುಪೇಟೆ ಫಂಡಿನಲ್ಲಿ ಹಾಕಿದ್ದೂ ಬೇಕೆಂದಾಗ ಎರಡು ಮೂರು ದಿನದಲ್ಲಿ ವಾಪಸ್ ಬರುತ್ತದಲ್ಲ, ಅದನ್ನೇ ತುರ್ತಿನ ಹಣ ಅಂದುಕೊಂಡರಾಯಿತು ಅಂತ ಬಹಳ ಹುಡುಗರು ವಾದಿಸುತ್ತಾರೆ. ದುಡ್ಡು ಬರುವುದು ನಿಜ. ಎಷ್ಟು ಬರುತ್ತದೆ ಅನ್ನುವುದು ನಿಮ್ಮ ಕೈಯಲ್ಲಿಲ್ಲ. ದೇಶದ 50 ದೊಡ್ಡ ಕಂಪನಿಗಳ ಷೇರು ದರದ ಏರಿಳಿತ ತೋರಿಸುವ ನಿಫ್ಟಿ ಸೂಚ್ಯಂಕ 2020ರ ಜನವರಿಯಲ್ಲಿ 12,300 ದಾಟಿತ್ತು. ಮಾರ್ಚ್ 23ಕ್ಕೆ 7,600ರ ಆಸುಪಾಸಿಗೆ ಬಿತ್ತು. ಅಲ್ಲಿದ್ದ 48,000 ಎರಡೇ ತಿಂಗಳಲ್ಲಿ ಹತ್ತಿರ ಹತ್ತಿರ 30,000 ಆಗುತ್ತಿತ್ತು. ಅದೇ ವಾರ ಲಾಕ್‌ಡೌನ್ ಬಂದು ಸಾವಿರಾರು ಜನರ ಸಂಬಳವೂ ನಿಂತಿತು. ಆ ವರ್ಷದ ನವೆಂಬರಿಗೆ ಸೂಚ್ಯಂಕ ಹಳೆಯ ಮಟ್ಟಕ್ಕೆ ಮರಳಿತು. ಕಾಯಲು ಸಾಧ್ಯವಿದ್ದವರಿಗೆ ಮಾತ್ರ ಅದರ ಫಲ ಸಿಕ್ಕಿತು.

ಪೇಟೆ ಬೀಳುವುದು, ಕೆಲಸ ಹೋಗುವುದು ಎರಡೂ ಕೂಡಿಯೇ ಬರಬಹುದು ಅನ್ನುವುದು ನಮ್ಮ ಜಿಲ್ಲೆಗೆ ಹೊಸದಲ್ಲ. 2011ರ ಜುಲೈ 29ರಂದು ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯಲ್ಲಿ ಕಬ್ಬಿಣದ ಅದಿರಿನ ಗಣಿಗಾರಿಕೆ ನಿಲ್ಲಿಸಿತು. ಗಣಿ ಕೆಲಸದವರು, ಲಾರಿ ಚಾಲಕರು, ಕ್ಲೀನರ್‌ಗಳು, ಅವರನ್ನೇ ನಂಬಿದ ಹೋಟೆಲು, ಗ್ಯಾರೇಜಿನವರು ಒಟ್ಟಿಗೇ ಕೈಕಟ್ಟಿ ಕೂತರು. ಅದರ ಬೆನ್ನಿಗೇ ಆಗಸ್ಟಿನಲ್ಲಿ ಷೇರುಪೇಟೆಯೂ ಕುಸಿಯಿತು. ಉಕ್ಕು, ಅದಿರಿನ ಮೇಲೆ ನಿಂತ ಊರಿನಲ್ಲಿ ದುಡಿಯುವವರು ತುರ್ತಿನ ಹಣವನ್ನು ಪೇಟೆಯ ಏರಿಳಿತಕ್ಕೆ ಸಿಗದ ಕಡೆಯೇ ಇಡಬೇಕು.

ಬ್ಯಾಂಕಿನಲ್ಲಿ ಬಡ್ಡಿ ಕಡಿಮೆ ಅನ್ನುವ ಕೊರಗು ಇದ್ದೇ ಇದೆ. 48,000ಕ್ಕೆ ಪೇಟೆಯಲ್ಲಿ ಒಳ್ಳೆಯ ವರ್ಷ ಸಿಗಬಹುದಾದದ್ದಕ್ಕಿಂತ ಶೇಕಡಾ 8 ಕಡಿಮೆ ಸಿಕ್ಕಿತು ಅಂತಲೇ ಇಟ್ಟುಕೊಳ್ಳಿ, ವರ್ಷಕ್ಕೆ 3,840 ರೂಪಾಯಿ ಬಿಟ್ಟಂತಾಯಿತು. ಇದೇ ಹಣ ಕೈಯಲ್ಲಿಲ್ಲದೆ ಊರಲ್ಲಿ ನೂರಕ್ಕೆ ಮೂರರಂತೆ 40,000 ಸಾಲ ತಂದರೆ ತಿಂಗಳಿಗೆ ಬಡ್ಡಿಯೇ 1,200, ವರ್ಷಕ್ಕೆ 14,400. ಅಸಲು ಹಾಗೇ ಇರುತ್ತದೆ. ಬಿತ್ತುವ ಕಾಳು ಬೇರೆ, ಉಣ್ಣುವ ಕಾಳು ಬೇರೆ ಅಂತ ಒಕ್ಕಲುತನದ ಮನೆಯಲ್ಲಿ ಬೆಳೆದವರಿಗೆ ನಾನು ಹೇಳಬೇಕಾಗಿಲ್ಲ.

ಇನ್ನು ಎಲ್ಲಿ ಇಡಬೇಕು? ಮೊದಲ 12,000 ಸಂಬಳ ಬರುವ ಖಾತೆಯಲ್ಲಿ ಬೇಡ, ಇನ್ನೊಂದು ಬ್ಯಾಂಕಿನ ಉಳಿತಾಯ ಖಾತೆಯಲ್ಲಿರಲಿ. ಆ ಖಾತೆಯನ್ನು ಫೋನ್‌ಪೇ, ಗೂಗಲ್‌ಪೇಗೆ ಜೋಡಿಸಬೇಡಿ. ಚಹಾದಂಗಡಿಯಲ್ಲಿ ಸ್ಕ್ಯಾನ್ ಮಾಡಿದಾಗ ಹೋಗಬಾರದ ದುಡ್ಡು ಅದು. ಎಟಿಎಂ ಕಾರ್ಡು ಮಾತ್ರ ಜೋಪಾನವಾಗಿರಲಿ, ಭಾನುವಾರ ರಾತ್ರಿ ಆಸ್ಪತ್ರೆಗೆ ಓಡಬೇಕಾದರೆ ತೆಗೆಯಲು ಬರಬೇಕು. ಉಳಿದದ್ದು 12,000 ತುಂಬಿದ ಹಾಗೆಲ್ಲ ಒಂದೊಂದು ಎಫ್‌ಡಿ ಮಾಡಿ. ಒಂದೇ ದೊಡ್ಡ ಎಫ್‌ಡಿ ಬೇಡ, ಮೂರು ಸಣ್ಣವು. ಬೇಕಾದಾಗ ಒಂದನ್ನು ಮಾತ್ರ ಮುರಿದರೆ ಉಳಿದೆರಡರ ಬಡ್ಡಿ ಓಡುತ್ತಿರುತ್ತದೆ. ಮುರಿದದ್ದಕ್ಕೆ ಬಡ್ಡಿ ಸ್ವಲ್ಪ ಕಡಿಮೆಯಾಗುತ್ತದೆ, ಅಸಲು ಎಲ್ಲೂ ಹೋಗುವುದಿಲ್ಲ. ಒಂದು ಎಚ್ಚರ: ತೆರಿಗೆ ಉಳಿಸುವ ಐದು ವರ್ಷದ ಎಫ್‌ಡಿ ಅಂತ ಬೇರೆಯೇ ಇದೆ, ಅದನ್ನು ಅವಧಿಗೆ ಮುಂಚೆ ಮುರಿಯಲು ಬರುವುದಿಲ್ಲ. ಫಾರಂ ತುಂಬುವಾಗ ಕೇಳಿ ಖಚಿತ ಮಾಡಿಕೊಳ್ಳಿ. ಊರಿನ ಚೀಟಿಯನ್ನು ತುರ್ತಿಗೆ ನಂಬಬೇಡಿ. ನಿಮಗೆ ಬೇಕಾದ ತಿಂಗಳು ಚೀಟಿ ಎತ್ತಬೇಕೆಂದರೆ ಬಿಟ್ಟುಕೊಡಬೇಕಾದ ಕಸರು ಬಹಳ.

ಹೂಡಿಕೆಯ ಕಡೆ ಮಾತು ಕಡಿಮೆ. ನಿಫ್ಟಿ 50 ಸೂಚ್ಯಂಕದ ಕಂಪನಿಗಳಲ್ಲೇ ದುಡ್ಡು ಹಾಕುವ ಒಂದು ಇಂಡೆಕ್ಸ್ ಫಂಡು, ಏಜೆಂಟರ ಕಮಿಷನ್ ಇಲ್ಲದ ಡೈರೆಕ್ಟ್ ಪ್ಲಾನು, ತಿಂಗಳಿಗೊಮ್ಮೆ ಖಾತೆಯಿಂದ ತಾನಾಗಿಯೇ ಹೋಗುವ ಕಂತು, ಅಂದರೆ ಎಸ್‌ಐಪಿ. ಇನ್ನು ಏಳು ವರ್ಷ ಮುಟ್ಟದ ದುಡ್ಡು ಮಾತ್ರ ಅಲ್ಲಿಗೆ. ಬಾಂಡು, ಆರ್‌ಡಿ ಅಂತ ಹಂಚಬೇಕೇ? ಈ ಹುಡುಗನಿಗೆ ಈಗಲೇ ಬೇಕಿಲ್ಲ, ಯಾಕೆಂದರೆ ಅವನ ಪಿಎಫ್ ಆ ಕೆಲಸ ಮಾಡುತ್ತಿದೆ. ಅವನ 1,800ರ ಜೊತೆ ಮಾಲೀಕರ 1,800ರಲ್ಲಿ 1,250 ಪಿಂಚಣಿಗೆ ಹೋಗಿ 550 ಪಿಎಫ್‌ಗೆ ಬರುತ್ತದೆ. ತಿಂಗಳಿಗೆ 2,350. ಅದಕ್ಕೆ 2024-25ರಲ್ಲಿ ಶೇಕಡಾ 8.25 ಬಡ್ಡಿ ಸಿಕ್ಕಿದೆ. ಆದರೆ ಗುತ್ತಿಗೆ ಕೆಲಸದವರು ಒಂದು ನೋಡಿಕೊಳ್ಳಲೇಬೇಕು. ಸಂಬಳದ ಚೀಟಿಯಲ್ಲಿ ಮುರಿದುಕೊಂಡ ಹಣ ನಿಜವಾಗಿ ಜಮಾ ಆಗಿದೆಯೇ ಅಂತ ಮೂರು ತಿಂಗಳಿಗೊಮ್ಮೆ ನಿಮ್ಮ ಪಿಎಫ್ ನಂಬರಾದ ಯುಎಎನ್‌ನ ಪಾಸ್‌ಬುಕ್ ತೆರೆದು ನೋಡಿ. ಮೊಬೈಲಿನ ಉಮಂಗ್ ಆ್ಯಪಿನಲ್ಲೇ ಸಿಗುತ್ತದೆ. ತಿಂಗಳುಗಟ್ಟಲೆ ಸಾಲು ಖಾಲಿ ಇದ್ದರೆ ಗುತ್ತಿಗೆದಾರರನ್ನು ಕೇಳಿ, ಉತ್ತರ ಸಿಗದಿದ್ದರೆ ಪಿಎಫ್ ಕಚೇರಿಗೆ ದೂರು ಕೊಡಿ.

ಎಸ್‌ಐಪಿಯ ತಾರೀಕು 15 ಇರಲಿ, 5 ಬೇಡ. ಸಂಬಳ 7ಕ್ಕೋ 10ಕ್ಕೋ ಬರುವವರು 5ನೇ ತಾರೀಕು ಇಟ್ಟುಕೊಂಡರೆ ಖಾತೆಯಲ್ಲಿ ದುಡ್ಡಿಲ್ಲದೆ ಎಸ್‌ಐಪಿ ವಾಪಸಾಗುತ್ತದೆ, ಬ್ಯಾಂಕು ದಂಡ ಹಾಕುತ್ತದೆ. ಸತತ ಮೂರು ತಿಂಗಳು ಹಾಗಾದರೆ ಎಸ್‌ಐಪಿಯೇ ರದ್ದಾಗುತ್ತದೆ.

ನಡುವೆ ಖರ್ಚು ಬಂದರೆ? ಆರನೇ ತಿಂಗಳ ಕೊನೆಗೆ ನಮ್ಮ ಹುಡುಗನ ತುರ್ತಿನಲ್ಲಿ 30,000 ಇರುತ್ತದೆ. ಅವ್ವನಿಗೆ ಹೊಟ್ಟೆನೋವು ಬಂದು ಬಳ್ಳಾರಿಯ ಆಸ್ಪತ್ರೆಗೆ ಸೇರಿಸಿ 14,000 ಖರ್ಚಾಯಿತು ಅನ್ನೋಣ. ಉಳಿದದ್ದು 16,000. ಇದು ಒಂದು ತಿಂಗಳ 12,000ಕ್ಕಿಂತ ಮೇಲಿದೆ, ಹಾಗಾಗಿ 4,500, 1,500ರ ಪಾಲು ಹಾಗೇ ನಡೆಯಲಿ. ಗುರಿ ಮುಟ್ಟುವುದು ಮೂರ್ನಾಲ್ಕು ತಿಂಗಳು ತಡವಾಗುತ್ತದೆ, ಅಷ್ಟೇ. ಖರ್ಚು 20,000 ಆಗಿ 10,000 ಮಾತ್ರ ಉಳಿದಿದ್ದರೆ ಎಸ್‌ಐಪಿ ನಿಲ್ಲಿಸಿ, 12,000 ದಾಟುವವರೆಗೆ ಪೂರ್ತಿ 6,000 ತುರ್ತಿಗೆ ಹಾಕಬೇಕು. ಊರ ಜಾತ್ರೆ, ತಂಗಿಯ ಮದುವೆ ತುರ್ತಲ್ಲ. ಬರುವುದು ಮೊದಲೇ ಗೊತ್ತಿರುವ ಖರ್ಚಿಗೆ ಬೇರೆ ಆರ್‌ಡಿ ಮಾಡಿ.

ಕೆಲಸವೇ ಹೋದರೆ ಹಣ ಮುಟ್ಟುವ ಕ್ರಮ ಹೀಗಿರಲಿ. ಆ ವಾರವೇ ಫಂಡಿನ ಆ್ಯಪಿನಲ್ಲಿ ಎಸ್‌ಐಪಿಗೆ ತಡೆ ಹಾಕಿ, ಮುಂದಿನ ಕಂತು ವಾಪಸಾಗಿ ದಂಡ ಬೀಳುವುದು ತಪ್ಪುತ್ತದೆ. ಆದರೆ ಈವರೆಗೆ ಹಾಕಿದ್ದನ್ನು ಮಾರಬೇಡಿ. ಮೊದಲ ತಿಂಗಳು ಉಳಿತಾಯ ಖಾತೆಯ 12,000, ಎರಡನೇ ತಿಂಗಳು ಒಂದು ಎಫ್‌ಡಿ, ಮೂರನೇ ತಿಂಗಳು ಇನ್ನೊಂದು. ಕೊನೆಯ ಎಫ್‌ಡಿ ಮುರಿಯುವ ಹೊತ್ತಿಗೂ ಕೆಲಸ ಸಿಗದಿದ್ದರೆ ಫಂಡಿನ ಕಡೆ ನೋಡಬಹುದು, ಅದೂ ಆ ತಿಂಗಳಿಗೆ ಬೇಕಾದಷ್ಟು ಮಾತ್ರ. ಹೊಸ ಕೆಲಸ ಸಿಕ್ಕಾಗ ಹಳೆಯ ಯುಎಎನ್ ನಂಬರನ್ನೇ ಕೊಟ್ಟು, ಹಳೆಯ ಪಿಎಫ್ ಹಣವನ್ನು ಹೊಸ ಖಾತೆಗೆ ವರ್ಗಾಯಿಸಿಕೊಳ್ಳಿ. ಮೊದಲ ಸಂಬಳ ಬಂದ ತಿಂಗಳಿಂದ ಮತ್ತೆ ಪೂರ್ತಿ ಉಳಿತಾಯ ತುರ್ತಿಗೆ, 12,000 ದಾಟಿದ ಮೇಲೆ ಎಸ್‌ಐಪಿ.

ನಮಸ್ಕಾರ.